ಊಟವಾಗಿ ಎರಡು ಗಂಟೆಗೆ ಬರುವ ನೋವು

ಹೊಟ್ಟೆನೋವು ಅಂತ ಸರ್ಜರಿ ಓಪಿಡಿಗೆ ಬಂದವರನ್ನು ನಾವು ಮೊದಲು ಕೇಳುವುದು ಮೂರು ಸಮಯ. ಊಟ ಮಾಡಿದ್ದು ಎಷ್ಟು ಹೊತ್ತಿಗೆ, ನೋವು ಶುರುವಾಗಿದ್ದು ಎಷ್ಟು ಹೊತ್ತಿಗೆ, ಪೂರ್ತಿ ಬಿಟ್ಟಿದ್ದು ಎಷ್ಟು ಹೊತ್ತಿಗೆ. ಬಹಳ ಜನ ಇದಕ್ಕೆ ಉತ್ತರ ಕೊಡುವುದಿಲ್ಲ. "ಗ್ಯಾಸ್ಟ್ರಿಕ್ ಮೇಡಂ, ಮಾತ್ರೆ ತಗೊಂಡೆ, ಹೋಯ್ತು" ಅನ್ನುತ್ತಾರೆ. ನಮ್ಮ ಕಡೆ ಗ್ಯಾಸ್ಟ್ರಿಕ್ ಅನ್ನುವ ಒಂದೇ ಮಾತಿನಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಜಠರದ ಹುಣ್ಣು, ಪಿತ್ತಕೋಶದ ಕಲ್ಲು ಎಲ್ಲವೂ ಸೇರಿಹೋಗಿವೆ. ಕೆಲವು ಸಲ ಹೃದಯಾಘಾತವೂ ಅದೇ ಹೆಸರಲ್ಲಿ ಬಾಗಿಲಿಗೆ ಬರುತ್ತದೆ.

ಇಲ್ಲಿ ಬರುವ ಹೆಣ್ಣುಮಗಳು ಒಬ್ಬರೇ ಅಲ್ಲ. ಹಲವರಲ್ಲಿ ಕಂಡದ್ದನ್ನು ಒಬ್ಬರ ಮೇಲಿಟ್ಟು, ಮೊದಲ ನೋವಿನಿಂದ ಆಪರೇಷನ್ ತನಕ ಹೇಗೆ ಸಾಗುತ್ತದೆ ಅಂತ ಬರೆಯುತ್ತಿದ್ದೇವೆ. ವಯಸ್ಸು 43, ಎರಡು ಮಕ್ಕಳ ತಾಯಿ, ಸ್ವಲ್ಪ ಮೈಭಾರ, ಸಕ್ಕರೆ ಕಾಯಿಲೆ ಇಲ್ಲ. ಮಂಡಿನೋವಿಗೆ ಆಗಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇತ್ತು. ಅದೃಷ್ಟಕ್ಕೆ ಇವರ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇತ್ತು. ನೋವು ಬಂದ ದಿನದ ಚೌಕದಲ್ಲಿ ಮಗಳು ಗಂಟೆಯನ್ನೂ ಗುರುತು ಹಾಕಿಟ್ಟಿದ್ದಳು. ಆ ಕ್ಯಾಲೆಂಡರಿನ ಫೋಟೋ ಅರ್ಧ ರೋಗನಿರ್ಣಯ ಮಾಡಿತು.

ಮೊದಲ ಗುರುತು ನೆಂಟರ ಮನೆಯ ಬೀಗರೂಟದ ದಿನದ್ದು. ಊಟ ಮಧ್ಯಾಹ್ನ ಒಂದೂವರೆಗೆ, ಮಟನ್ ಸಾರು, ಬೋಟಿ ಗೊಜ್ಜು. ನೋವು ಶುರು ಮೂರೂಮುಕ್ಕಾಲಿಗೆ. ಎದೆಗೂಡಿನ ಕೆಳಗೆ ನಡುವಿನಲ್ಲಿ ಹಿಡಿದು, ಕಾಲು ಗಂಟೆಯಲ್ಲಿ ಬಲಗಡೆ ಪಕ್ಕೆಲುಬಿನ ಅಡಿಗೆ ಏರಿ, ಅಲ್ಲಿಂದ ಬೆನ್ನ ಹಿಂದೆ ಬಲ ಹೆಗಲಮೂಳೆಯ ಕೆಳಗೆ ತಿವಿಯಿತು. ಏರಿದ ಮೇಲೆ ಒಂದೇ ಸಮನೆ ನಿಂತಿತು. ಕೂತರೂ ಕಷ್ಟ, ಮಲಗಿದರೂ ಕಷ್ಟ, ಎದ್ದು ಓಡಾಡಿದರೂ ಅಷ್ಟೇ. ಒಂದು ಸಲ ವಾಂತಿಯಾಯಿತು, ಆದರೂ ನೋವು ತಗ್ಗಲಿಲ್ಲ. ಐದೂವರೆಗೆ ಒಂದು ಪ್ಯಾಂಟಾಪ್ರಜೋಲ್ ಮಾತ್ರೆ ಕೊಟ್ಟರು. ಆರು ಗಂಟೆಗೆ ನೋವು ಬಿಟ್ಟುಹೋಯಿತು, ಗುರುತೇ ಇಲ್ಲದ ಹಾಗೆ.

ಮಾತ್ರೆಗೆ ಹೆಸರು ಬಂದದ್ದು ಇಲ್ಲಿ. ಇದೇ ಜಾಗದಲ್ಲಿ ತಿಂಗಳುಗಟ್ಟಲೆ ದಾರಿ ತಪ್ಪುವುದು. ಪ್ಯಾಂಟಾಪ್ರಜೋಲ್ ಜಠರದ ಆಮ್ಲ ತಯಾರಾಗುವುದನ್ನು ತಡೆಯುವ ಔಷಧಿ. ನುಂಗಿ ಅರ್ಧ ಗಂಟೆಗೆ ಇಂಥ ನೋವನ್ನು ಕಿತ್ತು ಹಾಕುವ ಶಕ್ತಿ ಅದಕ್ಕಿಲ್ಲ. ಅದರ ಕೆಲಸ ನಿಧಾನ, ದಿನಾ ತಗೊಂಡಾಗ ಮೂರು ನಾಲ್ಕು ದಿನಕ್ಕೆ ಪೂರ್ತಿ ಹಿಡಿತಕ್ಕೆ ಬರುವಂಥದ್ದು. ಪಿತ್ತಕೋಶದ ಕಲ್ಲಿನ ನೋವು ಮಾತ್ರೆ ಕೊಟ್ಟರೂ ಕೊಡದಿದ್ದರೂ ಹೆಚ್ಚಾಗಿ ಒಂದರಿಂದ ಐದು ಗಂಟೆಯೊಳಗೆ ತಾನಾಗಿ ಬಿಡುತ್ತದೆ. ಬಿಡುವ ಹೊತ್ತಿಗೆ ಕೈಯಲ್ಲಿ ಏನಿತ್ತೋ ಅದಕ್ಕೆ ಹೆಸರು. ಒಬ್ಬರಿಗೆ ಜೀರಿಗೆ ಕಷಾಯ, ಇನ್ನೊಬ್ಬರಿಗೆ ಸೋಡಾ, ಇವರಿಗೆ ಮಾತ್ರೆ.

ಒಳಗೆ ಆಗುವುದು ಇಷ್ಟು. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ಮಾಡುತ್ತದೆ. ಊಟ ಇಲ್ಲದ ಹೊತ್ತಿನಲ್ಲಿ ಅದರಲ್ಲಿ ಒಂದು ಪಾಲು ಯಕೃತ್ತಿನ ಅಡಿಯ ಸಣ್ಣ ಚೀಲಕ್ಕೆ, ಅಂದರೆ ಪಿತ್ತಕೋಶಕ್ಕೆ, ಹೋಗಿ ನೀರು ಹೀರಿಸಿಕೊಂಡು ಗಟ್ಟಿಯಾಗುತ್ತದೆ. ಚೀಲ ಸಣ್ಣ ಬದನೆಕಾಯಿಯ ಆಕಾರ, 30 ರಿಂದ 50 ಮಿಲಿಲೀಟರ್ ಹಿಡಿಯುತ್ತದೆ. ಕೊಬ್ಬಿನ ಊಟ ಜಠರ ದಾಟಿ ಸಣ್ಣ ಕರುಳಿನ ಬಾಯಿಗೆ ಬಂದಾಗ ಕರುಳಿನ ಗೋಡೆಯಿಂದ ಕೊಲೆಸಿಸ್ಟೊಕೈನಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಹೇಳಿದ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಒಳಗೆ ಕಲ್ಲಿದ್ದು ಅದು ಚೀಲದ ಕತ್ತಿಗೆ ಬಂದು ಕೂತರೆ, ಹಿಂಡಿದ ರಸಕ್ಕೆ ದಾರಿಯಿಲ್ಲ. ಚೀಲ ಬಿಗಿಯುತ್ತದೆ, ನೋವು ಏರುತ್ತದೆ. ಹಾರ್ಮೋನಿನ ಒತ್ತಾಯ ಕಡಿಮೆಯಾಗಿ ಚೀಲ ಸಡಿಲಾದಾಗ ಕಲ್ಲು ಹಿಂದಕ್ಕೆ ಉರುಳುತ್ತದೆ, ನೋವು ಬಿಡುತ್ತದೆ. ಕೊಬ್ಬು ಜಠರದಿಂದ ಹೊರಡುವುದೇ ನಿಧಾನ. ಹಾಗಾಗಿ ನೋವು ಎಲೆಯ ಮುಂದೆ ಕೂತಾಗ ಬರದೆ, ಎದ್ದು ಒಂದೆರಡು ಗಂಟೆ ಕಳೆದ ಮೇಲೆ, ಎಷ್ಟೋ ಸಲ ರಾತ್ರಿ ನಿದ್ದೆ ಹತ್ತಿದ ಮೇಲೆ ಬರುತ್ತದೆ. ಹೆಗಲಮೂಳೆಯ ಕೆಳಗೆ ತಿವಿಯುವುದು ಅಲ್ಲಿ ಏನೋ ಆಗಿದೆ ಅಂತಲ್ಲ. ಪಿತ್ತಕೋಶದ ನರಗಳೂ ಆ ಭಾಗದ ಚರ್ಮದ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಸೇರುವುದರಿಂದ ಮಿದುಳಿಗೆ ಜಾಗ ಗೊಂದಲವಾಗುತ್ತದೆ.

ಕ್ಯಾಲೆಂಡರಿನಲ್ಲಿ ಎರಡನೆಯ ಗುರುತು ಇಪ್ಪತ್ತು ದಿನದ ನಂತರ, ಭಾನುವಾರ ರಾತ್ರಿ. ಒಂಬತ್ತಕ್ಕೆ ಕೋಳಿ ಹುರಿದದ್ದು, ಹನ್ನೊಂದೂವರೆಗೆ ನೋವು, ಎರಡು ಗಂಟೆಗೆ ಬಿಟ್ಟಿತು. ಮೂರನೆಯದು ಯುಗಾದಿ ಹೋಳಿಗೆ ತುಪ್ಪದ ದಿನ. ನಡುವಿನ ದಿನಗಳಲ್ಲಿ ಈ ನೋವಿನ ಸುಳಿವೇ ಇಲ್ಲ. ಬಂದರೆ ಪೂರ್ತಿ, ಹೋದರೆ ಪೂರ್ತಿ. ಈ ನಕ್ಷೆ ಕಂಡರೆ ಕಲ್ಲನ್ನು ಹುಡುಕದೆ ಬಿಡಬಾರದು.

ಆದರೆ ಅದೇ ಕ್ಯಾಲೆಂಡರಿನಲ್ಲಿ ಮಗಳು ಇನ್ನೊಂದು ಬಗೆಯ ಗುರುತನ್ನೂ ಹಾಕಿದ್ದಳು: "ಬೆಳಿಗ್ಗೆ ಉರಿ." ಇದು ವಾರಕ್ಕೆ ಮೂರು ನಾಲ್ಕು ದಿನ. ಖಾಲಿ ಹೊಟ್ಟೆಗೆ ಕಾಫಿ ಕುಡಿದ ಮೇಲೆ, ಇಲ್ಲವೇ ಮಂಡಿಯ ಮಾತ್ರೆ ನುಂಗಿದ ದಿನ. ಬೆರಳಿಟ್ಟು ತೋರಿಸಿ ಅಂದರೆ ಎದೆಗೂಡಿನ ಕೆಳಗಿನ ಗುಳಿ ತೋರಿಸುತ್ತಿದ್ದರು. ಉರಿ, ಹುಳಿತೇಗು, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಬೆನ್ನಿಗೆ ಹೋಗುವುದಿಲ್ಲ, ಎಬ್ಬಿಸಿ ಓಡಾಡಿಸುವುದಿಲ್ಲ. ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಎರಡು ಚಮಚ ಕುಡಿದರೆ ಹತ್ತು ಹದಿನೈದು ನಿಮಿಷಕ್ಕೆ ತಣ್ಣಗಾಗುತ್ತದೆ, ಒಂದೆರಡು ಗಂಟೆಯಲ್ಲಿ ಮತ್ತೆ ಏಳುತ್ತದೆ. ಇದು ಜಠರದ್ದು. ಇದಕ್ಕೆ ಕಾರಣ ಹೆಚ್ಚಾಗಿ ಎರಡು: ನೋವಿನ ಮಾತ್ರೆಗಳು ಜಠರದ ಒಳಪದರದ ರಕ್ಷಣೆಯನ್ನು ಕಿತ್ತುಹಾಕುವುದು, ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಹೆಂಡ, ಸಿಗರೇಟು ಇದ್ದವರಿಗೆ ಅವೂ ಸೇರಿಕೊಳ್ಳುತ್ತವೆ.

ಅಂದರೆ ಇವರಿಗೆ ಎರಡೂ ಇತ್ತು. ಇದು ಅಪರೂಪವಲ್ಲ. ಉರಿಗೆ ಮಾತ್ರೆ ಕೊಟ್ಟು ಉರಿ ಕಡಿಮೆಯಾಯಿತು, ಹಾಗಾಗಿ ರಾತ್ರಿಯ ನೋವೂ ಗ್ಯಾಸ್ಟ್ರಿಕ್ಕೇ ಅಂತ ಎಲ್ಲರೂ ನಂಬಿಕೊಂಡರು. ಎರಡು ಬಗೆಯ ನೋವನ್ನು ಎರಡು ಬಗೆಯ ಗುರುತಾಗಿ ಬರೆದದ್ದರಿಂದಲೇ ಅವು ಬೇರೆಬೇರೆ ಅಂತ ಕಂಡದ್ದು.

ಬರೆಯುವವರಿಗೆ ಒಂದು ಮಾತು. "ಹೊಟ್ಟೆನೋವು, ಜಾಸ್ತಿ" ಅಂತ ಬರೆದರೆ ನಮಗೆ ಪ್ರಯೋಜನವಿಲ್ಲ. ತಿಂದದ್ದು ಏನು, ಎಷ್ಟು ಹೊತ್ತಿಗೆ; ನೋವು ಹಿಡಿದದ್ದು, ಬಿಟ್ಟದ್ದು; ಬೆನ್ನಿಗೆ ಹೋಯಿತೇ; ವಾಂತಿಯಾಯಿತೇ; ಮೂತ್ರದ ಬಣ್ಣ ಹೇಗಿತ್ತು. ಇಷ್ಟು ಇದ್ದರೆ ಸಾಕು.

ಸ್ಕ್ಯಾನಿಂಗಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದಕ್ಕೆ ಕಾರಣವಿದೆ. ಹಾಲು ಹಾಕಿದ ಒಂದು ಲೋಟ ಕಾಫಿ ಕುಡಿದು ಬಂದರೂ ಅದರ ಕೊಬ್ಬಿಗೆ ಪಿತ್ತಕೋಶ ಹಿಂಡಿಕೊಂಡು ಸುಕ್ಕಾಗಿರುತ್ತದೆ, ಒಳಗಿನ ಸಣ್ಣ ಕಲ್ಲು ಕಾಣದೆ ಹೋಗಬಹುದು, ಗೋಡೆ ಸುಮ್ಮನೆ ದಪ್ಪವಾಗಿ ತೋರಬಹುದು. ಆರರಿಂದ ಎಂಟು ಗಂಟೆ ಏನೂ ತಿನ್ನದೆ ಇದ್ದರೆ ಚೀಲ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ಬರಿ ನೀರಿನಲ್ಲಿ ತಗೊಳ್ಳಬಹುದು.

ಮಾನಿಟರಿನಲ್ಲಿ ಪಿತ್ತಕೋಶ ಕಪ್ಪಗೆ, ನೀರು ತುಂಬಿದ ಚೀಲದಂತೆ ಕಾಣುತ್ತದೆ. ಅದರ ತಳದಲ್ಲಿ ಬಿಳಿ ಹೊಳಪಿನ ಚುಕ್ಕೆ, ಚುಕ್ಕೆಯ ಹಿಂದೆ ಟಾರ್ಚಿಗೆ ಅಡ್ಡ ಬಂದ ಬೆರಳಿನ ನೆರಳಿನಂತೆ ಉದ್ದನೆಯ ಕಪ್ಪು ಪಟ್ಟಿ. ಶಬ್ದದ ಅಲೆ ಕಲ್ಲನ್ನು ದಾಟಿ ಹೋಗಲಾರದೆ ಬಿದ್ದ ನೆರಳು ಅದು. ನಂತರ "ಎಡಮಗ್ಗುಲಿಗೆ ತಿರುಗಿ ಅಮ್ಮಾ" ಅನ್ನುತ್ತಾರೆ. ತಿರುಗಿದಾಗ ಚುಕ್ಕೆ ಉರುಳಿ ಕೆಳಕ್ಕೆ ಹೋದರೆ ಅದು ಕಲ್ಲು. ಗೋಡೆಗೆ ಅಂಟಿಕೊಂಡೇ ಇದ್ದು ನೆರಳು ಬೀಳದಿದ್ದರೆ ಪಾಲಿಪ್ ಅನ್ನುವ ಸಣ್ಣ ಗಂಟು ಇರಬಹುದು, ಅದರ ಲೆಕ್ಕ ಬೇರೆ. ಇವರಿಗೆ ಹಲವು ಕಲ್ಲು, ದೊಡ್ಡದು 14 ಮಿಲಿಮೀಟರ್. ಗೋಡೆ ತೆಳುವಾಗಿತ್ತು. ಪಿತ್ತರಸವನ್ನು ಕರುಳಿಗೆ ಒಯ್ಯುವ ಮುಖ್ಯ ಪಿತ್ತನಾಳ 4 ಮಿಲಿಮೀಟರ್ ಅಗಲ.

ರಿಪೋರ್ಟಿನಲ್ಲಿ ಕಲ್ಲಿನ ಗಾತ್ರವನ್ನೇ ಎಲ್ಲರೂ ನೋಡುವುದು. ನಾವು ಮೊದಲು ನೋಡುವುದು ಉಳಿದ ಎರಡು ಸಾಲು. ಗೋಡೆ 3 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಉರಿಯೂತದ ಸಂಶಯ. ಪಿತ್ತನಾಳ 6 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಒಂದು ಕಲ್ಲು ಚೀಲ ಬಿಟ್ಟು ನಾಳಕ್ಕೆ ಜಾರಿರಬಹುದು; ವಯಸ್ಸಾದವರಲ್ಲಿ ನಾಳ ತುಸು ಅಗಲವಿರುವುದು ಸಹಜ. ನಿಜ ಹೇಳಬೇಕೆಂದರೆ ದೊಡ್ಡ ಕಲ್ಲಿಗಿಂತ ಸಾಸಿವೆ, ಮೆಣಸಿನ ಕಾಳಿನಂಥ ಸಣ್ಣ ಕಲ್ಲುಗಳೇ ನಾಳಕ್ಕೆ ಜಾರುವುದು ಸುಲಭ. "ಸಣ್ಣ ಕಲ್ಲು ತಾನೇ" ಅಂತ ಸಮಾಧಾನ ಪಡುವಂತಿಲ್ಲ. ಪಿತ್ತಕೋಶದೊಳಗಿನ ಕಲ್ಲನ್ನು ಅಲ್ಟ್ರಾಸೌಂಡ್ ಬಹಳ ನಂಬಿಕೆಯಿಂದ ಹೇಳುತ್ತದೆ. ನಾಳದ ಕೆಳತುದಿಯಲ್ಲಿ ಕೂತ ಕಲ್ಲನ್ನು ಹಲವು ಸಲ ತಪ್ಪಿಸಿಕೊಳ್ಳುತ್ತದೆ, ಯಾಕೆಂದರೆ ಮುಂದೆ ಕರುಳಿನ ಗಾಳಿ ಅಡ್ಡ ಬರುತ್ತದೆ. ಅದಕ್ಕೇ ರಕ್ತಪರೀಕ್ಷೆ ಜೊತೆಗಿರಬೇಕು: ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಯಕೃತ್ತಿನ ಕಿಣ್ವಗಳು. ಇವರದ್ದು ಎಲ್ಲವೂ ಸರಿಯಾಗಿತ್ತು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಇದರಲ್ಲಿ ತಪ್ಪು ಎರಡೂ ಕಡೆ ಆಗುತ್ತದೆ. ಸ್ಕ್ಯಾನಿನಲ್ಲಿ ಕಲ್ಲು ಕಂಡ ಮಾತ್ರಕ್ಕೆ ನೋವು ಅದರದ್ದೇ ಅಂತಲ್ಲ. ಕಲ್ಲಿರುವ ಬಹುಪಾಲು ಜನರಿಗೆ ಅದು ಜೀವನವಿಡೀ ತೊಂದರೆ ಕೊಡುವುದಿಲ್ಲ. ಬರಿ ಹುಳಿತೇಗು, ಉಬ್ಬರ, ಬೆಳಗಿನ ಉರಿ ಇದ್ದವರ ಪಿತ್ತಕೋಶ ತೆಗೆದರೆ ಕಲ್ಲು ಹೋಗುತ್ತದೆ, ಉರಿ ಉಳಿಯುತ್ತದೆ. ಮೇಲೆ ಹೇಳಿದ ಗಂಟೆಯ ನಕ್ಷೆಯೂ ಸ್ಕ್ಯಾನಿನ ಕಲ್ಲೂ ಹೊಂದಿಕೊಂಡಾಗ ಮಾತ್ರ ಆಪರೇಷನ್ನಿನ ಮಾತು ಎತ್ತುತ್ತೇವೆ.

ಉರಿಗಾಗಿ ಇವರಿಗೆ ನೋವಿನ ಮಾತ್ರೆ ನಿಲ್ಲಿಸಿ, ಪ್ಯಾಂಟಾಪ್ರಜೋಲ್ 40 ಮಿಲಿಗ್ರಾಂ ದಿನಕ್ಕೊಂದು, ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ ಕೊಟ್ಟೆವು. ತಿಂಡಿಯಾದ ಮೇಲೆ ನುಂಗಿದರೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡದೆ ಇರಬಹುದು. ಎಂಡೋಸ್ಕೋಪಿ ಎಲ್ಲರಿಗೂ ಬೇಕಿಲ್ಲ. ಕಪ್ಪು ಮಲ, ರಕ್ತ ವಾಂತಿ, ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತಹೀನತೆ ಇದ್ದರೆ, ಅಥವಾ ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ತೊಂದರೆಯಾದರೆ ತಡಮಾಡದೆ ಮಾಡಿಸಬೇಕು. ಪೈಲೋರಿ ಪರೀಕ್ಷೆ ಮಾಡುವುದಿದ್ದರೆ ಎರಡು ವಾರ ಮೊದಲೇ ಈ ಆಮ್ಲದ ಮಾತ್ರೆ ನಿಲ್ಲಿಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು.

ಕಲ್ಲಿನ ನೋವಿಗೆ ಆಪರೇಷನ್ ಮಾಡಿಸಿಕೊಳ್ಳಿ, ಆರು ವಾರದೊಳಗೆ ದಿನ ಗೊತ್ತುಮಾಡಿ ಅಂದೆವು. ಮಗನ ಪರೀಕ್ಷೆ, ಮನೆಯಲ್ಲಿ ಹಬ್ಬ, ಮುಂದಕ್ಕೆ ಹೋಯಿತು. ಈ ನಡುವೆ ಯಾರೋ ಬಾಳೆದಿಂಡಿನ ರಸ ಹೇಳಿದರು. ಬಾಳೆದಿಂಡು ನಮ್ಮಲ್ಲಿ ಮೂತ್ರದ ಕಲ್ಲಿಗೆ ಹೆಸರಾದದ್ದು. ಅದು ಮೂತ್ರದ ಕಲ್ಲಿಗೆ ಎಷ್ಟು ಮಾಡುತ್ತದೆ ಅನ್ನುವುದು ಹಾಗಿರಲಿ, ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಮೂತ್ರ ಜಾಸ್ತಿ ಹೋದರೆ ಈ ಕಲ್ಲು ತೊಳೆದುಹೋಗುವುದಿಲ್ಲ. ಇನ್ನೊಬ್ಬರು ಪಿತ್ತ ಇಳಿಯಲಿ ಅಂತ ನಿಂಬೆರಸ ಕೊಟ್ಟರು. ಮನೆಮಾತಿನ ಪಿತ್ತ ಅಂದರೆ ತಲೆಸುತ್ತು, ಓಕರಿಕೆ, ಬಾಯಿ ಕಹಿ. ಈ ಚೀಲದ ಪಿತ್ತರಸ ಬೇರೆ. ಒಂದೇ ಪದವಿರುವುದರಿಂದ ಒಂದಕ್ಕೆ ಮಾಡುವ ಮದ್ದನ್ನು ಇನ್ನೊಂದಕ್ಕೆ ಮಾಡುತ್ತಾರೆ.

ಕಾಯುವ ದಿನಗಳಲ್ಲಿ ಎಣ್ಣೆ ತುಪ್ಪ ಕಡಿಮೆ ಮಾಡಿದರೆ ನೋವಿನ ಸರದಿ ಕಡಿಮೆಯಾಗಬಹುದು, ಕಲ್ಲು ಕರಗುವುದಿಲ್ಲ. ಊಟವನ್ನೇ ಬಿಟ್ಟು ಬೇಗಬೇಗ ತೂಕ ಇಳಿಸುವುದು ಮಾತ್ರ ಕೂಡದು. ಹಾಗೆ ಇಳಿಸಿದರೆ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ, ಚೀಲ ಹಿಂಡದೆ ನಿಂತು, ಹೊಸ ಕಲ್ಲಿಗೆ ದಾರಿಯಾಗುತ್ತದೆ.

ಐದನೆಯ ವಾರದ ರಾತ್ರಿ ಹತ್ತಕ್ಕೆ ನೋವು ಹಿಡಿಯಿತು. ಹಿಂದಿನಂತೆಯೇ ಏರಿತು. ಮನೆಯವರು ಗಾಬರಿಯಾಗಲಿಲ್ಲ, ಎರಡು ಗಂಟೆಗೆ ಬಿಡುತ್ತದೆ ಅಂತ ಗೊತ್ತಿತ್ತು. ಎರಡಾಯಿತು, ಬಿಡಲಿಲ್ಲ. ಒಂದು ಪ್ಯಾಂಟಾಪ್ರಜೋಲ್, ಆಮೇಲೆ ಇನ್ನೊಂದು, ಸಿರಪ್, ಶುಂಠಿ ಸೋಡಾ. ನಾಲ್ಕಕ್ಕೆ ಆರು ಗಂಟೆ ತುಂಬಿತು. ಹೊರಡಬೇಕಾದ ಹೊತ್ತು ಅದಾಗಿತ್ತು. ಬೆಳಿಗ್ಗೆ ಮೈ ಬಿಸಿಯಾಗಿತ್ತು. ಓಡಾಡುತ್ತಿದ್ದವರು ಈಗ ಅಲುಗಾಡದೆ ಮಲಗಿದ್ದರು, ಕೆಮ್ಮಿದರೆ ಬಲಪಕ್ಕೆ ಹಿಡಿದುಕೊಳ್ಳುತ್ತಿದ್ದರು. ಕ್ಯಾಷುವಾಲ್ಟಿಗೆ ಬಂದಾಗ ಒಂಬತ್ತು ಗಂಟೆ.

ಓಡಾಡಿಸುವ ನೋವು ಅಲುಗಾಡದಂತೆ ಮಲಗಿಸುವ ನೋವಾಗಿ ಬದಲಾದದ್ದನ್ನು ಗಮನಿಸಬೇಕು. ಕಲ್ಲು ಹಿಂದಕ್ಕೆ ಉರುಳದೆ ಕತ್ತಿನಲ್ಲೇ ಸಿಕ್ಕಿಕೊಂಡಾಗ, ಬಿಗಿದ ಚೀಲದ ಗೋಡೆ ಬಾತು, ಕೆಂಪಾಗಿ, ಅದರ ರಕ್ತದ ಓಟ ಕಡಿಮೆಯಾಗತೊಡಗುತ್ತದೆ. ಉರಿಯೂತ ಸುತ್ತಲಿನ ಹೊಟ್ಟೆಯ ಪೊರೆಗೂ ತಾಗಿದ ಮೇಲೆ ಅಲುಗಾಡಿದರೆ ನೋವು. ಆರು ಗಂಟೆ ಅನ್ನುವ ಗೆರೆ ಇದಕ್ಕಾಗಿಯೇ. ಅದರೊಳಗೆ ಬಿಟ್ಟರೆ ಹೆಚ್ಚಾಗಿ ಬರಿ ಕಲ್ಲಿನ ನೋವು. ಅದನ್ನು ದಾಟಿದರೆ ಪಿತ್ತಕೋಶದ ಉರಿಯೂತ ಅಂತಲೇ ಹಿಡಿದು ಆಸ್ಪತ್ರೆಗೆ ಹೋಗಬೇಕು. ಜ್ವರ ಬರಲಿ ಅಂತ ಕಾಯಬಾರದು.

ಕ್ಯಾಷುವಾಲ್ಟಿಯಲ್ಲಿ ಮೊದಲು ಮಾಡಿದ್ದು ಇಸಿಜಿ. ಮನೆಯವರಿಗೆ ಆಶ್ಚರ್ಯವಾಯಿತು, "ಹೊಟ್ಟೆನೋವಿಗೆ ಇಸಿಜಿ ಯಾಕೆ ಮೇಡಂ?" ಹೃದಯದ ಕೆಳಗೋಡೆಯ ಆಘಾತ ಹೊಟ್ಟೆಯ ಮೇಲ್ಭಾಗದ ನೋವು, ವಾಂತಿ, ಬೆವರು ಅಂತಲೇ ಬರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆ ಹಿಡಿದುಕೊಳ್ಳದೆಯೇ ಆಗಬಹುದು. ಐದು ನಿಮಿಷದ ಪರೀಕ್ಷೆ. ಬೆವರು, ಉಸಿರುಕಟ್ಟು, ದವಡೆಗೆ ಅಥವಾ ತೋಳಿಗೆ ಹರಿಯುವ ನೋವು ಇದ್ದರೆ ಮನೆಯಲ್ಲಿ ಗಂಟೆ ಎಣಿಸುತ್ತ ಕೂರಬಾರದು. ಕೂಡಲೇ 108 ಕ್ಕೆ ಕರೆ ಮಾಡಬೇಕು. ಇವರ ಇಸಿಜಿ ಸರಿಯಿತ್ತು.

ಆಮೇಲೆ ಹೊಟ್ಟೆ ಮುಟ್ಟಿ ನೋಡಿದ್ದು. ಬಲ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳುಗಳನ್ನು ಮೆಲ್ಲಗೆ ಇಟ್ಟು, "ಉಸಿರು ಜೋರಾಗಿ ಎಳ್ಕೊಳ್ಳಿ ಅಮ್ಮಾ" ಅಂದೆವು. ಎಳೆದರು. ಅರ್ಧಕ್ಕೆ ಬಂದ ಉಸಿರು ಟಕ್ಕನೆ ನಿಂತಿತು, ಮುಖ ಸಿಂಡರಿಸಿತು, ಕೈ ಬಂದು ನಮ್ಮ ಕೈಯನ್ನು ಹಿಡಿಯಿತು. ಉಸಿರೆಳೆದಾಗ ಯಕೃತ್ತು ಕೆಳಗಿಳಿದು, ಬಾತ ಪಿತ್ತಕೋಶ ನಮ್ಮ ಬೆರಳಿಗೆ ಬಂದು ತಾಗಿತ್ತು. ಎಡಗಡೆ ಅದೇ ರೀತಿ ಮಾಡಿದಾಗ ಉಸಿರು ಪೂರ್ತಿ ಹೋಯಿತು. ಮರ್ಫಿಯ ಚಿಹ್ನೆ ಅನ್ನುವುದು ಇದನ್ನೇ. ಇದನ್ನು ಮನೆಯಲ್ಲಿ ಒತ್ತಿ ಒತ್ತಿ ನೋಡುವುದು ಬೇಡ; ಇಲ್ಲದಿದ್ದರೆ ಏನೂ ಇಲ್ಲ ಅಂತ ಅರ್ಥವೂ ಅಲ್ಲ. ವಯಸ್ಸಾದವರಲ್ಲಿ ಇದು ಕಾಣದೆಯೇ ಪಿತ್ತಕೋಶ ಕೊಳೆತಿರುವುದುಂಟು.

ರಕ್ತದಲ್ಲಿ ಬಿಳಿಕಣ 15,600 ಇತ್ತು; ಸಾಮಾನ್ಯವಾಗಿ 11,000 ದೊಳಗಿರಬೇಕು. ಬಿಲಿರುಬಿನ್ 1.1, ಹೆಚ್ಚಿಲ್ಲ. ಮೇದೋಜೀರಕ ಗ್ರಂಥಿಯ ಕಿಣ್ವವಾದ ಲೈಪೇಸ್ ಸರಿಯಿತ್ತು. ಸ್ಕ್ಯಾನಿನಲ್ಲಿ ಈ ಸಲ ದೊಡ್ಡ ಕಲ್ಲು ಕತ್ತಿನಲ್ಲಿತ್ತು. ಎಡಕ್ಕೆ ತಿರುಗಿದರೂ ಉರುಳಲಿಲ್ಲ. ಗೋಡೆ 6 ಮಿಲಿಮೀಟರ್, ಸುತ್ತ ತೆಳ್ಳಗೆ ನೀರು.

ಬಾಯಿಗೆ ಏನೂ ಕೊಡದೆ ಡ್ರಿಪ್ ಹಾಕಿ, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುಮಾಡಿದೆವು. ನೋವಿಗೆ ಡೈಕ್ಲೋಫೆನಾಕ್ 75 ಮಿಲಿಗ್ರಾಂ ಇಂಜೆಕ್ಷನ್. ಕಲ್ಲಿನ ನೋವಿಗೆ ಇದು ಚೆನ್ನಾಗಿ ಕೆಲಸ ಮಾಡುವ ಮದ್ದು. ಆದರೆ ಜಠರದಲ್ಲಿ ಹುಣ್ಣಿದ್ದರೆ, ಕಿಡ್ನಿ ತೊಂದರೆಯಿದ್ದರೆ ಇದೇ ಮದ್ದು ಹಾನಿ ಮಾಡುತ್ತದೆ. ಕಲ್ಲೋ ಹುಣ್ಣೋ ಗೊತ್ತಾಗದೆ ಮನೆಯಲ್ಲಿ ನೋವಿನ ಮಾತ್ರೆ ನುಂಗಬೇಡಿ ಅನ್ನುವುದು ಈ ಕಾರಣಕ್ಕೆ: ಒಂದು ಕಾಯಿಲೆಯ ಔಷಧಿ ಇನ್ನೊಂದರ ಕಾರಣ. ಮನೆಯಿಂದ ಹೊರಡುವಾಗ ಏನೂ ತಿನ್ನಿಸದೆ ಕುಡಿಸದೆ ಕರೆತರುವುದೂ ಮುಖ್ಯ. ಅರವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿಯಿರಬೇಕು.

ಇವರಿಗೆ ಬರದ, ಆದರೆ ಬರಬಹುದಾಗಿದ್ದ ಕೆಲವು ದಾರಿಗಳಿವೆ. ಕಲ್ಲು ನಾಳಕ್ಕೆ ಜಾರಿ ಅಡ್ಡ ನಿಂತರೆ ಕಣ್ಣಿನ ಬಿಳಿ ಹಳದಿಯಾಗುತ್ತದೆ, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗುತ್ತದೆ, ಮಲ ಸುಣ್ಣದ ಬಣ್ಣಕ್ಕೆ ಬಿಳಿಚುತ್ತದೆ. ಕಾಮಾಲೆ ಅಂತ ನಾಟಿಮದ್ದಿಗೆ ಹೋಗಿ ವಾರ ಕಳೆದು ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ನಾಳ ಮುಚ್ಚಿದ ಕಾಮಾಲೆಗೆ ಯಾವ ಸೊಪ್ಪಿನ ರಸವೂ ದಾರಿ ಬಿಡಿಸುವುದಿಲ್ಲ. ಆ ಕಾಮಾಲೆಗೆ ನಡುಕದ ಜ್ವರವೂ ಸೇರಿದರೆ ನಾಳದೊಳಗೆ ಕೀವು ಕಟ್ಟುತ್ತಿದೆ. ಅದು ಗಂಟೆಗಳ ಲೆಕ್ಕದ ತುರ್ತು. ಮಾತು ತೊದಲಿ, ಬಿಪಿ ಇಳಿದರೆ ಜೀವಕ್ಕೇ ಅಪಾಯ. ಅಂಥವರಿಗೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿ ಬಿಡಿಸಿ ಕಲ್ಲು ತೆಗೆಯುವ, ಇಲ್ಲವೇ ಕೊಳವೆ ಇಟ್ಟು ಪಿತ್ತ ಹರಿಯಲು ಬಿಡುವ ಇಆರ್‌ಸಿಪಿ ಸೌಲಭ್ಯವಿರುವ ಆಸ್ಪತ್ರೆಗೇ ನೇರ ಹೋಗಬೇಕು. ನೋವು ಹೊಟ್ಟೆಯ ನಡುವಿನಿಂದ ಬೆನ್ನಿಗೆ ಕೊರೆದ ಹಾಗೆ ಹೋಗಿ, ಮುಂದಕ್ಕೆ ಬಗ್ಗಿದರೆ ತುಸು ಹಿತವಾಗಿ, ವಾಂತಿ ನಿಲ್ಲದಿದ್ದರೆ ಮೇದೋಜೀರಕ ಗ್ರಂಥಿ ಉರಿದಿರಬಹುದು. ಲೈಪೇಸ್ ಸಾಮಾನ್ಯಕ್ಕಿಂತ ಮೂರು ಪಟ್ಟು ದಾಟುತ್ತದೆ. ಜಠರದ ಕಡೆಯಿಂದಲೂ ಒಂದು ತುರ್ತು ಇದೆ. ಕತ್ತಿಯಲ್ಲಿ ತಿವಿದ ಹಾಗೆ ಒಂದೇ ಕ್ಷಣದಲ್ಲಿ ಶುರುವಾಗಿ ಹೊಟ್ಟೆ ಹಲಗೆಯಂತೆ ಬಿಗಿದರೆ ಹುಣ್ಣು ತೂತಾಗಿದೆ. ಅಲ್ಲಿ ಆರು ಗಂಟೆಯ ಗೆರೆ ಇಲ್ಲ, ಆ ಕ್ಷಣವೇ ಹೊರಡಬೇಕು.

ಸಕ್ಕರೆ ಕಾಯಿಲೆಯಿರುವವರ ಬಗ್ಗೆ ನಮಗೆ ಯಾವಾಗಲೂ ಭಯ. ಅವರಿಗೆ ನೋವು ಕಡಿಮೆ, ಜ್ವರ ಕಡಿಮೆ, ಒಳಗಿನ ಹಾನಿ ಹೆಚ್ಚು. ಊಟ ಬಿಟ್ಟಿದ್ದಾರೆ, ಮಂಕಾಗಿದ್ದಾರೆ, ಸಕ್ಕರೆ ಯಾಕೋ ಏರಿದೆ ಅನ್ನುವಷ್ಟರಲ್ಲೇ ಪಿತ್ತಕೋಶದ ಗೋಡೆ ಕಪ್ಪಾಗಿರುತ್ತದೆ. ಅವರಿಗೆ ಆರು ಗಂಟೆಯ ಕಾಯುವಿಕೆಯೂ ಬೇಡ. ಗರ್ಭಿಣಿಯರಿಗೂ ಹಾಗೆಯೇ.

ಮಾರನೆಯ ದಿನ ಬೆಳಿಗ್ಗೆ ಲ್ಯಾಪರೋಸ್ಕೋಪಿ ಮಾಡಿ ಪಿತ್ತಕೋಶ ತೆಗೆದೆವು, ನೋವು ಶುರುವಾಗಿ 36 ಗಂಟೆ ತುಂಬುವುದರೊಳಗೆ. ಮೊದಲ ಮೂರು ದಿನದಲ್ಲಿ ಬಾವು ನೀರುನೀರಾಗಿದ್ದು ಪದರಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ದಿನ ಕಳೆದಂತೆ ಎಲ್ಲ ಒಂದಕ್ಕೊಂದು ಅಂಟಿಕೊಂಡು, ಯಾವುದು ಚೀಲದ ನಾಳ, ಯಾವುದು ಯಕೃತ್ತಿನ ಮುಖ್ಯ ನಾಳ ಅಂತ ಗುರುತಿಸುವುದೇ ಕಷ್ಟವಾಗುತ್ತದೆ. ಹೊಕ್ಕುಳ ಬಳಿ ಒಂದು, ಎದೆಗೂಡಿನ ಕೆಳಗೆ ಒಂದು, ಬಲಗಡೆ ಎರಡು ಸಣ್ಣ ತೂತು. ಚೀಲಕ್ಕೆ ಹೋಗುವುದು ಎರಡೇ ಎಳೆ, ಒಂದು ನಾಳ ಒಂದು ರಕ್ತನಾಳ, ಅಂತ ಕಣ್ಣಿಗೆ ಸ್ಪಷ್ಟವಾಗುವವರೆಗೆ ಕ್ಲಿಪ್ ಹಾಕುವುದಿಲ್ಲ, ಕತ್ತರಿ ಎತ್ತುವುದಿಲ್ಲ. ಸ್ಪಷ್ಟವಾಗದಿದ್ದರೆ ಹೊಟ್ಟೆ ತೆರೆದು ಮಾಡುತ್ತೇವೆ. ಅದನ್ನು ಆಪರೇಷನ್ ಕೆಟ್ಟಿತು ಅಂತ ತಿಳಿಯಬಾರದು. ಮುಖ್ಯ ನಾಳಕ್ಕೆ ಪೆಟ್ಟಾಗದಂತೆ ಕಾಯುವ ದಾರಿ ಅದು. ಹೊರಗೆ ತೆಗೆದು ಸೀಳಿದ ಚೀಲದಲ್ಲಿ ಹಳದಿ ಕಂದು ಬಣ್ಣದ ಒಂಬತ್ತು ಕಲ್ಲುಗಳಿದ್ದವು. ದೊಡ್ಡದು ಕಡಲೆಕಾಳಿಗಿಂತ ದಪ್ಪ, ಪಕ್ಕಗಳು ಒಂದಕ್ಕೊಂದು ಉಜ್ಜಿ ನುಣುಪಾಗಿದ್ದವು. ಚೀಲವನ್ನು ಬಯಾಪ್ಸಿಗೆ ಕಳಿಸುತ್ತೇವೆ. ಆ ರಿಪೋರ್ಟನ್ನು ಕೇಳಿ ಪಡೆದುಕೊಳ್ಳುವುದು ಮರೆಯಬಾರದು.

ಆಪರೇಷನ್ ಆದ ಮೇಲೆ ಎರಡು ದಿನ ಬಲ ಹೆಗಲು ನೋಯುತ್ತದೆ ಅಂದರು. ಅದು ಹೊಟ್ಟೆಗೆ ತುಂಬಿದ್ದ ಇಂಗಾಲದ ಡೈಆಕ್ಸೈಡ್ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆರಳಿಸಿದ್ದರಿಂದ, ಎದ್ದು ಓಡಾಡಿದ ಹಾಗೆ ಹೋಗುತ್ತದೆ. ಪಿತ್ತಕೋಶ ಇಲ್ಲದೆ ಜೀರ್ಣ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಯಕೃತ್ತು ಪಿತ್ತ ಮಾಡುವುದನ್ನು ನಿಲ್ಲಿಸುವುದಿಲ್ಲ. ಚೀಲದಲ್ಲಿ ಕೂಡಿಡುವ ಬದಲು ಅದು ನೇರ ಕರುಳಿಗೆ ಹನಿಯುತ್ತದೆ. ಕೆಲವರಿಗೆ ಕೆಲವು ವಾರ ಎಣ್ಣೆ ಪದಾರ್ಥ ತಿಂದಾಗ ಮಲ ಸಡಿಲವಾಗುತ್ತದೆ, ಆಮೇಲೆ ಹೆಚ್ಚಾಗಿ ಸರಿಹೋಗುತ್ತದೆ. ಮನೆಗೆ ಹೋದ ಮೇಲೆ ಹೊಟ್ಟೆ ಉಬ್ಬಿ ನೋವು ದಿನದಿನಕ್ಕೆ ಹೆಚ್ಚಾದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಅದೇ ದಿನ ವಾಪಸು ಬರಬೇಕು. ಕ್ಲಿಪ್ ಜಾರಿ ಪಿತ್ತ ಸೋರಿರಬಹುದು, ಇಲ್ಲವೇ ನಾಳದಲ್ಲಿ ಒಂದು ಕಲ್ಲು ಉಳಿದಿರಬಹುದು.

ಮೂರು ತಿಂಗಳ ನಂತರ ತೋರಿಸಲು ಬಂದಾಗ ಮಗಳು ಹೊಸ ತಿಂಗಳ ಪುಟಗಳ ಫೋಟೋ ತಂದಿದ್ದಳು. ರಾತ್ರಿಯ ಗುರುತು ಒಂದೂ ಇರಲಿಲ್ಲ. ಬೆಳಗಿನ ಉರಿ ಎರಡು ದಿನ ಇತ್ತು. ಎರಡೂ ದಿನ ಮಂಡಿನೋವಿಗೆ ಮತ್ತೆ ಮಾತ್ರೆ ತಗೊಂಡಿದ್ದರು.